ಕೊನೆಯ ಚರಣ ಕತ್ತರಿಸಿದವನ ಕಥೆ

ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ಹದಿನೈದನೇ ಶತಮಾನದ ಈ ಯತಿ ವ್ಯಾಸರಾಯರಿಗೆ ವಿದ್ಯಾಗುರು. ಆ ವ್ಯಾಸರಾಯರು ಪುರಂದರದಾಸರಿಗೆ ಗುರು. ಈ ವರಸೆ ನನಗೆ ಗೊತ್ತಿತ್ತು, ಯೂಟ್ಯೂಬಿಗೆ ಹಾಕಿದ ಒಂದು ವಿಡಿಯೋದಲ್ಲಿ ಗತ್ತಿನಿಂದ ಹೇಳಿಯೂ ಇದ್ದೆ. ಅದೇ ವಿಡಿಯೋದಲ್ಲಿ, ಅದೇ ಬೃಂದಾವನದ ದೃಶ್ಯದ ಮೇಲೆ, ಶ್ರೀಪಾದರಾಜರದೇ ಕೀರ್ತನೆ ಹಾಕಿ, "ಇದು ಪುರಂದರದಾಸರು ರಚಿಸಿದ್ದು" ಅಂತ ಹೇಳಿ ಕೂತೆ.

ಹೇಗಾಯಿತು ಅಂದರೆ, ಹಾಡು ಉದ್ದವಾಯಿತೆಂದು ಪಲ್ಲವಿಯನ್ನೂ ಮೊದಲ ಚರಣಗಳನ್ನೂ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿದ್ದೆ. ದೇವರನಾಮದಲ್ಲಿ ರಚಿಸಿದವರ ಅಂಕಿತ ಬರುವುದೇ ಕೊನೆಯ ಚರಣದಲ್ಲಿ. ಕತ್ತರಿಸುವ ಮೊದಲು ಕೇಳಿದ್ದಾದರೂ ಹೌದು. ಆದರೆ "ವಿಠಲ" ಅನ್ನುವುದು ಕಿವಿಗೆ ಬಿದ್ದದ್ದೇ ತಡ, ಪುರಂದರವಿಠಲನೇ ಅಂದುಕೊಂಡೆ. ಆದರೆ ವಿಜಯದಾಸರ ಅಂಕಿತ ವಿಜಯವಿಠಲ, ಗೋಪಾಲದಾಸರದು ಗೋಪಾಲವಿಠಲ, ಜಗನ್ನಾಥದಾಸರದು ಜಗನ್ನಾಥವಿಠಲ. ವಿಠಲನ ಹಿಂದೆ ಏನಿದೆ ಅನ್ನುವುದೇ ಮುಖ್ಯ. ಅಲ್ಲಿದ್ದದ್ದು ರಂಗವಿಠಲ, ಶ್ರೀಪಾದರಾಜರ ಅಂಕಿತ.

ಹಿಡಿದವರು ಮುಳಬಾಗಿಲಿನ ಭಜನಾ ಮಂಡಳಿಯ ಒಬ್ಬ ಹಿರಿಯಮ್ಮ. ಯಾರಿಂದಲೋ ನಂಬರ್ ತೆಗೆದುಕೊಂಡು ಫೋನ್ ಮಾಡಿದರು. "ಏನಪ್ಪಾ, ಅವರ ಮನೆ ಅಂಗಳದಲ್ಲೇ ನಿಂತ್ಕೊಂಡು ಅವರ ಹಾಡನ್ನ ಮೊಮ್ಮಗನ ಹೆಸರಿಗೆ ಬರೆದುಬಿಟ್ಟೆಯಲ್ಲ" ಅಂದರು. ಶಿಷ್ಯನ ಶಿಷ್ಯ ಮೊಮ್ಮಗನೇ ತಾನೆ? ನಾನು, "ಅಮ್ಮ, ಎಲ್ಲಾ ದಾಸರೂ ಒಂದೇ ಅಲ್ವಾ" ಅಂದೆ. ಆ ಮಾತು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಅವರು ಬೈಯಲಿಲ್ಲ. "ಹಾಗಾದ್ರೆ ಹೆಸರು ಯಾಕೆ ಹೇಳಿದೆ?" ಅಂತ ಕೇಳಿದರು.

ಮೊದಲು ಮಾಡಿದ್ದು ಹೇಡಿಯ ಕೆಲಸ. ವಿಡಿಯೋ ಕೆಳಗಿನ ವಿವರಣೆಯಲ್ಲಿ "ಕೆಲವು ಸಣ್ಣ ತಪ್ಪುಗಳಾಗಿವೆ, ಕ್ಷಮೆಯಿರಲಿ" ಅಂತ ಬರೆದೆ. ಯಾವ ತಪ್ಪು, ಎಷ್ಟನೇ ನಿಮಿಷದಲ್ಲಿ, ಸರಿ ಯಾವುದು, ಒಂದೂ ಇಲ್ಲ. ಅದನ್ನು ಓದಿದವನಿಗೆ ಸರಿಯಾಗಿದ್ದ ಮಾತುಗಳ ಮೇಲೂ ಅನುಮಾನ ಬಂದೀತು. ಯೂಟ್ಯೂಬಿನಲ್ಲಿ ಹಳೆಯ ಲಿಂಕ್ ಉಳಿಸಿಕೊಂಡು ಒಳಗಿನ ವಿಡಿಯೋ ಬದಲಿಸಲು ಬರುವುದಿಲ್ಲ. ಬೇಡದ ತುಣುಕನ್ನು ಕತ್ತರಿಸಬಹುದು, ಆದರೆ ಕೇಳಿ ನಂಬಿದವರಿಗೆ ಅದರಿಂದ ಏನೂ ತಿಳಿಯದು. ಅಳಿಸಿಬಿಡೋಣವೆಂದರೆ ಅಷ್ಟರಲ್ಲಿ ಆ ತುಣುಕು ಮಾಲೂರು, ಶ್ರೀನಿವಾಸಪುರದ ಭಜನೆಯವರ ವಾಟ್ಸಾಪ್ ಗುಂಪುಗಳಿಗೆ ಹೋಗಿಯಾಗಿತ್ತು. ನನ್ನ ಕಡೆ ಅಳಿಸಿದರೆ ತಪ್ಪು ಅಲ್ಲೇ ಉಳಿದು, ತಿದ್ದಲು ಇದ್ದ ಜಾಗ ಮಾತ್ರ ಹೋಗುತ್ತಿತ್ತು.

ವಿವರಣೆಯಲ್ಲಿ ನಿಮಿಷ ಹಾಕಿ ತಿದ್ದುಪಡಿ ಬರೆದರೆ ವಿಡಿಯೋ ಓಡುವಾಗಲೇ ಅದರ ಸೂಚನೆ ಮೂಡುವ ವ್ಯವಸ್ಥೆ ಇದೆ. "ತಿದ್ದುಪಡಿ:" ಎಂದು ಕನ್ನಡದಲ್ಲಿ ಬರೆದು ಕಾದೆ, ಏನೂ ಮೂಡಲಿಲ್ಲ. ಉಳಿದದ್ದು ಯಾವ ಭಾಷೆಯಲ್ಲಿದ್ದರೂ ಆ ತಲೆಬರಹ ಮಾತ್ರ ಇಂಗ್ಲಿಷಿನಲ್ಲೇ ಇರಬೇಕಂತೆ:

```
Correction:
3:10 ಈ ಕೀರ್ತನೆ ಶ್ರೀಪಾದರಾಜರದು. ಅಂಕಿತ: ರಂಗವಿಠಲ
```

ಆಮೇಲೆ ತಿದ್ದುಪಡಿಯ ವಿಡಿಯೋ. ಮೊದಲು ಮಾಡಿದ್ದರಲ್ಲಿ ನನ್ನ ಸಮರ್ಥನೆಯೇ ಮುಕ್ಕಾಲು ಪಾಲು: ಭಕ್ತಿ ಮುಖ್ಯ, ಕ್ಯಾಸೆಟ್ಟಿನ ಮೇಲೂ ಹಾಗೇ ಇತ್ತು, ಇತ್ಯಾದಿ. ಶೀರ್ಷಿಕೆ ಬೇರೆ, "ಇದು ಪುರಂದರದಾಸರ ಕೀರ್ತನೆಯೇ?" ಅಂತ. ಶೀರ್ಷಿಕೆ ಮಾತ್ರ ಓದಿ ಮುಂದೆ ಹೋಗುವವನ ತಲೆಯಲ್ಲಿ ತಪ್ಪು ಹೆಸರೇ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಅದೆಲ್ಲ ಬಿಟ್ಟು "ಈ ಕೀರ್ತನೆ ಶ್ರೀಪಾದರಾಜರದು" ಅಂತಲೇ ಹೆಸರಿಟ್ಟೆ. ಹಿಂದೆ ಏನು ಹೇಳಿದ್ದೆ, ಸರಿ ಯಾವುದು, ಹೇಗೆ ತಿಳಿಯಿತು, ಇಷ್ಟನ್ನೇ ಹೇಳಿ, ಆ ಹಿರಿಯಮ್ಮನ ಮಂಡಳಿಯವರಿಂದ ಹಾಡನ್ನು ಕೊನೆಯವರೆಗೂ ಹಾಡಿಸಿದೆ. ಹಾಡುವಾಗ ಅಂಕಿತ ಅದಲುಬದಲಾಗುವುದೂ ಉಂಟಾದ್ದರಿಂದ ಅಚ್ಚಾದ ಕೀರ್ತನ ಸಂಗ್ರಹದಲ್ಲೂ ನೋಡಿಕೊಂಡೆ. ಹಳೆಯ ವಿಡಿಯೋದ ವಿವರಣೆಯ ಮೊದಲ ಸಾಲಿನಲ್ಲೇ ಹೊಸದರ ಲಿಂಕ್ ಹಾಕಿದೆ. ತಪ್ಪು ಓಡಾಡಿದ್ದ ಗುಂಪುಗಳಿಗೂ ನಾನೇ ಕಳಿಸಿದೆ.

ತಪ್ಪನ್ನು ನೋಡಿದಷ್ಟು ಜನ ತಿದ್ದುಪಡಿಯನ್ನು ನೋಡಿಲ್ಲ. ನೋಡುವುದೂ ಇಲ್ಲ ಅಂತ ಈಗ ಒಪ್ಪಿಕೊಂಡಿದ್ದೇನೆ. ಹೆಸರು ಹೇಳದೆ ಬರೀ ಹಾಡು ಹಾಕಿದ್ದರೆ ಕಳೆದುಕೊಳ್ಳುವುದೇನೂ ಇರಲಿಲ್ಲ. ಹೆಸರು ಹೇಳಿದರೇನೇ ತಿಳಿದವನ ಥರ ಕಾಣುತ್ತೇನೆ ಎಂಬ ಆಸೆಯೇ ನನ್ನನ್ನು ಕೆಡಿಸಿದ್ದು. ಜ್ಯೇಷ್ಠ ಶುದ್ಧ ಚತುರ್ದಶಿಯಂದು ಶ್ರೀಪಾದರಾಜರ ಆರಾಧನೆ ಬರುತ್ತದೆ. ಆಗ ನಿಮ್ಮ ಫೋನಿಗೂ ನನ್ನ ಹಳೆಯ ತುಣುಕು ಬಂದರೆ, ಕಳಿಸಿದವರಿಗೆ ಹೊಸದನ್ನು ದಯವಿಟ್ಟು ಕಳಿಸಿಬಿಡಿ.