B ಎಷ್ಟು ತಿರುಗಿತು?

ಮೂರನೇ ಸೆಮ್‌ನ ಎರಡನೇ ಇಂಟರ್ನಲ್ಸ್‌ನಲ್ಲಿ ಹತ್ತು ಮಾರ್ಕ್ಸಿನ ಒಂದು ಲೆಕ್ಕಕ್ಕೆ ನನಗೆ ಸಿಕ್ಕಿದ್ದು ಎರಡೇ. ಉತ್ತರ ಸರಿ ಅಂತ ನೂರಕ್ಕೆ ನೂರು ನಂಬಿಕೊಂಡಿದ್ದರಿಂದ ಪೇಪರ್ ಹಿಡ್ಕೊಂಡು ಮೇಡಂ ಹತ್ರ ವಾದ ಮಾಡೋಕೇ ಹೋದೆ.

ಲೆಕ್ಕ ಇಷ್ಟು. A ಮತ್ತು C ಎರಡೂ ತುದಿ ಗೋಡೆಯಲ್ಲಿ ಬಿಗಿಯಾಗಿರುವ ಉಕ್ಕಿನ ಶಾಫ್ಟ್. AB ಭಾಗದ ವ್ಯಾಸ 60 ಮಿ.ಮೀ., ಉದ್ದ 600 ಮಿ.ಮೀ. BC ಭಾಗದ ವ್ಯಾಸ 30, ಉದ್ದ 300. ದಪ್ಪ ಬದಲಾಗುವ B ಶೋಲ್ಡರ್ ಮೇಲೆ 900 N·m ಟಾರ್ಕ್. ಎರಡು ಗೋಡೆಗಳು ಎಷ್ಟೆಷ್ಟು ಟಾರ್ಕ್ ತಡೆಯುತ್ತವೆ?

ನನ್ನ ತಲೆಯಲ್ಲಿ ಆಗಿನ್ನೂ ಬೀಮ್ ಕೂತಿತ್ತು. ಲೋಡಿಗೆ ಹತ್ತಿರ ಇರೋ ಸಪೋರ್ಟ್ ಹೆಚ್ಚು ಹೊರುತ್ತೆ ಅಲ್ವಾ? ಹಾಗಾಗಿ C ಗೆ 600, A ಗೆ 300 ಅಂತ ಬರೆದೆ. ಕೂಡಿದರೆ 900. ಇನ್ನೇನು ಬೇಕು?

ಮೇಡಂ ವಾದ ಮಾಡಲಿಲ್ಲ. "B ಎಷ್ಟು ತಿರುಗಿತು? ಎರಡೂ ಕಡೆಯಿಂದ ಲೆಕ್ಕ ಹಾಕಪ್ಪ" ಅಂದ್ರು.

ಅಲ್ಲೇ ನಿಂತು θ = TL/GJ ಹಾಕಿದೆ. G = 80 GPa ತಗೊಂಡರೆ, A ಕಡೆಯಿಂದ 0.10 ಡಿಗ್ರಿ ಬಂತು. C ಕಡೆಯಿಂದ 1.62 ಡಿಗ್ರಿ! ಒಂದೇ ಶೋಲ್ಡರ್ ಒಂದೇ ಹೊತ್ತಿಗೆ ಎರಡು ಕೋನ ತಿರುಗಬೇಕಾದರೆ ಶಾಫ್ಟ್ ಅಲ್ಲೇ ತುಂಡಾಗಿರಬೇಕು. ನಾನು ಬಾಯಿ ಮುಚ್ಚಿದೆ.

ಮೊತ್ತ 900 ಆಗಬೇಕು ಅನ್ನೋದು ಒಂದೇ ಸಮೀಕರಣ, ಗೊತ್ತಿಲ್ಲದ್ದು ಎರಡು. 450-450 ಅಂತ ಬರೆದಿದ್ದರೂ ಅದು ತಾಳೆಯಾಗುತ್ತಿತ್ತು. ಎರಡನೇ ಸಮೀಕರಣ ಸಿಗೋದು B ನಲ್ಲಿ: ಎರಡೂ ಭಾಗ ಅಲ್ಲಿ ಒಂದೇ ಕೋನ ತಿರುಗಬೇಕು. ಅಂದರೆ,

T_A × 600 / J_AB = T_C × 300 / J_BC

ಎರಡೂ ಕಡೆ ಒಂದೇ ಉಕ್ಕು ಆದ್ದರಿಂದ G ಹೊಡೆದುಹೋಗುತ್ತದೆ. ಒಂದು ಕಡೆ ಹಿತ್ತಾಳೆ ಇದ್ದರೆ ಅದನ್ನು ಹಾಗೆ ಬಿಡೋ ಹಾಗಿಲ್ಲ. J ವ್ಯಾಸದ ನಾಲ್ಕನೇ ಘಾತದಂತೆ ಬೆಳೆಯುತ್ತೆ. ವ್ಯಾಸ ಎರಡು ಪಟ್ಟಾದರೆ J ಹದಿನಾರು ಪಟ್ಟು. ಉದ್ದ ಎರಡು ಪಟ್ಟು ಇರೋದರಿಂದ ಅದರಲ್ಲಿ ಅರ್ಧ ಹೋಗಿ, AB ಬಿಗುವು BC ಗಿಂತ ಎಂಟು ಪಟ್ಟು. ಹಾಗಾಗಿ 900 ಒಂಬತ್ತು ಪಾಲಾಗಿ, A ಗೆ 800, C ಗೆ 100. ಈಗ ಎರಡೂ ಕಡೆಯಿಂದ B ತಿರುಗೋದು 0.27 ಡಿಗ್ರಿ.

ಹತ್ತಿರ ಇರೋನಲ್ಲ, ಬಿಗಿಯಾಗಿರೋನು ಹೆಚ್ಚು ಹೊರುತ್ತಾನೆ. ಇದರಲ್ಲೊಂದು ಅಪಾಯವೂ ಇದೆ. ಸಣ್ಣ ಭಾಗಕ್ಕೆ ಬಲ ಕೊಡೋಣ ಅಂತ ಅದನ್ನು ದಪ್ಪ ಮಾಡಿದರೆ, ಅದು ತನ್ನ ಕಡೆಗೆ ಇನ್ನಷ್ಟು ಟಾರ್ಕ್ ಎಳ್ಕೊಳ್ಳುತ್ತೆ. C ಗೋಡೆಯ ಬೋಲ್ಟ್‌ಗಳನ್ನು 100 ಕ್ಕೆ ಅಂತ ಹಾಕಿದ್ದರೆ ಅವುಗಳ ಗತಿ ಏನು?

ಮಾರ್ಕ್ಸ್ ಎರಡೇ ಉಳಿಯಿತು. ಆದರೆ ಈಗ ಇಂಥ ಲೆಕ್ಕ ಬಂದರೆ, ಮೊತ್ತ ಸರಿಹೋಯ್ತು ಅಂತ ಪೆನ್ ಕೆಳಗಿಡೋಲ್ಲ. B ಕೋನವನ್ನು ಎರಡೂ ಗೋಡೆಯಿಂದ ಒಮ್ಮೆ ತೆಗೆದು ನೋಡ್ತೀನಿ.