ನೂರು ರೂಪಾಯಿಯ ಪೌಂಡ್

ನನ್ನ ಪಿಂಚಣಿ ನಾಲ್ಕು ವಾರಕ್ಕೊಮ್ಮೆ 440 ಪೌಂಡ್. ಮೂವತ್ತು ವರ್ಷ ಇಂಗ್ಲೆಂಡಿನಲ್ಲಿ ದುಡಿದು 2013ರ ಕೊನೆಗೆ ಗುಂಡ್ಲುಪೇಟೆಗೆ ವಾಪಸಾದಾಗ ಅಲ್ಲಿನ ಸರ್ಕಾರ ವಾರಕ್ಕೆ 110 ಪೌಂಡ್ 15 ಪೆನ್ಸ್ ಕೊಡುತ್ತಿತ್ತು. ಇವತ್ತಿಗೂ ಅಷ್ಟೇ. ಬ್ರಿಟನ್ನಿನ ಸರ್ಕಾರಿ ವೃದ್ಧಾಪ್ಯ ಪಿಂಚಣಿ ಅಲ್ಲೇ ಇರುವವರಿಗೆ ಪ್ರತಿ ಏಪ್ರಿಲ್‌ನಲ್ಲಿ ಏರುತ್ತದೆ. ಭಾರತಕ್ಕೆ ಬಂದು ನೆಲೆಸಿದವರಿಗೆ ಬಂದಾಗ ಎಷ್ಟಿತ್ತೋ ಅಲ್ಲಿಗೇ ನಿಂತುಬಿಡುತ್ತದೆ. ನನ್ನಷ್ಟೇ ವರ್ಷ ದುಡಿದು ಅಲ್ಲೇ ಉಳಿದ ಗೆಳೆಯನಿಗೆ 2025ರಲ್ಲಿ ವಾರಕ್ಕೆ 176 ಪೌಂಡ್. ಇದೆಲ್ಲ ಗೊತ್ತಿದ್ದೇ ಊರಿಗೆ ಬಂದೆ. ನಾನು ಮುಗ್ಗರಿಸಿದ್ದು ಆ 440ನ್ನು ರೂಪಾಯಿಗೆ ತಿರುಗಿಸಿಕೊಳ್ಳುವ ಲೆಕ್ಕದಲ್ಲಿ.

ಹಣ ಬರುವಾಗಲೇ ರೂಪಾಯಿ ಆಗಿ ಬರುತ್ತದೆ. ಖಾತೆ ಇರುವುದು ಚಾಮರಾಜನಗರದಲ್ಲಿ. ಆಗೆಲ್ಲ ತೆರಕಣಾಂಬಿ ಮೇಲಿನ ಬಸ್ ಹತ್ತಿ ಹೋಗಿ ಪಾಸ್‌ಬುಕ್ ಮುದ್ರಿಸಿಕೊಂಡು ಬರುತ್ತಿದ್ದೆ. ಅದರಲ್ಲಿ ಪೌಂಡ್ ಎಂಬ ಪದವೇ ಇರುವುದಿಲ್ಲ. 2015ರ ಉತ್ತರಾರ್ಧದಲ್ಲಿ ಪೌಂಡಿಗೆ ಹೆಚ್ಚುಕಡಿಮೆ ನೂರು ರೂಪಾಯಿ ಇತ್ತು, ಹಾಗಾಗಿ ಪ್ರತಿ ಸಲ 44,000ದ ಆಸುಪಾಸಿನ ಮೊತ್ತವೇ ಸಾಲಾಗಿ ಕಾಣುತ್ತಿತ್ತು. ನೋಡಿ ನೋಡಿ ಅದೇ ನನ್ನ ಸಂಬಳ ಅನಿಸಿಬಿಟ್ಟಿತು. ಅದನ್ನೇ ನಂಬಿ ಮನೆಯ ಮೇಲೆ ಎರಡು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಡೋಣವೆಂದು ಸಾಲ ಮಾಡಿದೆ. ಕಂತು ತಿಂಗಳಿಗೆ 18,000. ಉಳಿದ 26,000ದಲ್ಲಿ ನಾವಿಬ್ಬರು ಗುಂಡ್ಲುಪೇಟೆಯಲ್ಲಿ ರಾಜರಂತೆ ಇರಬಹುದು ಅಂದುಕೊಂಡೆ.

2016ರ ಜೂನ್ 23ರಂದು ಬ್ರಿಟನ್ ಯುರೋಪಿನ ಒಕ್ಕೂಟ ಬಿಡಬೇಕೆಂದು ಮತ ಹಾಕಿತು. ನಾನು ಅದನ್ನು ಟಿವಿಯಲ್ಲಿ ರಾಜಕೀಯವೆಂದು ನೋಡಿದೆನೇ ಹೊರತು ನನ್ನ ಕಂತಿನ ಸುದ್ದಿಯೆಂದು ನೋಡಲಿಲ್ಲ. ಅಕ್ಟೋಬರ್ ಹೊತ್ತಿಗೆ ಪೌಂಡ್ 82 ರೂಪಾಯಿಗೆ ಬಂದಿತ್ತು. ನಮ್ಮ ರೂಪಾಯಿ ಆಗ ಮಾಡಿದ್ದು ಏನೂ ಇಲ್ಲ. ಡಾಲರಿಗೆ 67ರ ಸುತ್ತ ತಣ್ಣಗೆ ಕೂತಿತ್ತು. ಕುಸಿದದ್ದು ಪೌಂಡ್: ಮತದಾನದ ಮುಂಚೆ ಒಂದು ಪೌಂಡಿಗೆ 1.48 ಡಾಲರ್ ಸಿಗುತ್ತಿದ್ದದ್ದು 1.22ಕ್ಕೆ ಇಳಿಯಿತು. ಪೌಂಡ್–ರೂಪಾಯಿ ದರವೆಂದರೆ ಒಳಗೆ ಎರಡು ದರ. ಇಲ್ಲಿನ ಪತ್ರಿಕೆಗಳು ಹೆಚ್ಚಾಗಿ ಬರೆಯುವುದು ರೂಪಾಯಿ–ಡಾಲರಿನದನ್ನು. ‘ರೂಪಾಯಿ ಸ್ಥಿರ’ ಎಂದು ಓದಿ ನಾನು ನೆಮ್ಮದಿಯಾಗಿದ್ದೆ.

44,000 ಇದ್ದದ್ದು 36,000 ಆಯಿತು. ನೂರಕ್ಕೆ ಹದಿನೆಂಟು ಕಡಿಮೆ, ಹೇಗೋ ತೂಗಿಸಬಹುದು ಅನಿಸುತ್ತದೆ. ಆದರೆ ಕಂತು ಇಳಿಯುವುದಿಲ್ಲವಲ್ಲ. 36,000ದಲ್ಲಿ 18,000 ಕಳೆದರೆ ಮನೆಗೆ ಉಳಿಯುವುದು 18,000. ಮೊದಲು 26,000 ಇತ್ತು. ಹದಿನೆಂಟು ಶೇಕಡಾ ಇಳಿತ ಅಡುಗೆಮನೆಗೆ ಬರುವಷ್ಟರಲ್ಲಿ ಮೂವತ್ತು ಶೇಕಡಾ ಆಗಿತ್ತು. ಸಾಲ ಕೊಡುವಾಗ ಬ್ಯಾಂಕಿನವರು ನೋಡಿದ್ದೂ ಪಾಸ್‌ಬುಕ್ಕಿನ ಕೊನೆಯ ಕೆಲವು ಪುಟಗಳನ್ನೇ, ನಾನು ನೋಡಿದ್ದೂ ಅವನ್ನೇ.

ಮೇಲಿನ ಕೋಣೆಗಳ ಕೆಲಸ ಅರ್ಧದಲ್ಲಿತ್ತು, ಬಾಡಿಗೆ ಶುರುವಾಗಿರಲಿಲ್ಲ. ಖರ್ಚು ಇಳಿಸುವ ಬದಲು ಪೌಂಡ್ ಮತ್ತೆ ನೂರಕ್ಕೆ ಬರುತ್ತದೆಂದು ಕಾದೆ. ಅಲ್ಲಿಯವರೆಗೆ ಅಂತ ಹೆಂಡತಿಯ ಬಳೆ ಅಡವಿಟ್ಟೆ. ಒಂದು ದಿನ ಅವಳೇ ಕೇಳಿದಳು: “ಪೌಂಡು ಏರೋಗಂಟ ಬಳೆ ಅಲ್ಲೇ ಇರ್ಬೇಕಾ? ಯಾವಾಗ ಏರ್ತದೆ ಅಂತ ಬರ್ದು ಕೊಟ್ಟವ್ರಾ?” ಪೌಂಡ್ ಮತ್ತೆ ನೂರರ ಅಂಚು ಮುಟ್ಟಿದ್ದು 2020ರ ಕೊನೆಗೆ. ಅಷ್ಟು ವರ್ಷ ಕಾದಿದ್ದರೆ ಬಡ್ಡಿಗೇ ಬಳೆ ಹೋಗುತ್ತಿತ್ತು.

ಇನ್ನೊಂದು ಮೋಸ ನನಗೆ ನಾನೇ ಮಾಡಿಕೊಂಡದ್ದು. ನಾಲ್ಕು ವಾರಕ್ಕೊಂದು ಸಂದಾಯವೆಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು. ಹಣ ಬೀಳುವ ದಿನ ಪ್ರತಿ ತಿಂಗಳೂ ಎರಡು ಮೂರು ದಿನ ಹಿಂದೆ ಸರಿಯುತ್ತಾ ಹೋಗಿ, ವರ್ಷದಲ್ಲೊಮ್ಮೆ ಒಂದೇ ತಿಂಗಳಲ್ಲಿ ಎರಡು ಸಲ ಬೀಳುತ್ತದೆ. ಅದನ್ನು ನಾನು ಲಾಟರಿಯೆಂದು ತಿಳಿದು ಖರ್ಚು ಮಾಡುತ್ತಿದ್ದೆ.

ದಾರಿ ತೋರಿಸಿದ್ದು ಬಸ್ಸಿನಲ್ಲಿ ಪಕ್ಕ ಕೂತ ತೆರಕಣಾಂಬಿಯ ಒಬ್ಬ ರೈತ. ನನ್ನ ಗೋಳು ಕೇಳಿ ಅವನು, “ನಾವು ಅರ್ಸಿನ ಬೆಳೆಯೋರು ಸಾ, ಹೋದ್ ವರ್ಸದ ಒಳ್ಳೆ ರೇಟ್ ನಂಬ್ಕೊಂಡು ಮಗ್ಳ ಮದ್ವೆ ಗೊತ್ ಮಾಡಲ್ಲ,” ಅಂದ. ಅವನು ಲೆಕ್ಕ ಹಾಕುವುದು ತಾನು ಕಂಡ ಕೆಟ್ಟ ದರದಿಂದ.

ಮೊದಲು ಬ್ಯಾಂಕಿಗೆ ಹೋಗಿ ಸಾಲದ ಅವಧಿ ಹೆಚ್ಚಿಸಿಕೊಂಡು ಕಂತನ್ನು 13,000ಕ್ಕೆ ಇಳಿಸಿಕೊಂಡೆ. ಒಟ್ಟು ಬಡ್ಡಿ ಜಾಸ್ತಿಯಾಯಿತು, ಬೇರೆ ದಾರಿಯಿರಲಿಲ್ಲ. ಆಮೇಲೆ ಮನೆಯ ಲೆಕ್ಕಕ್ಕೆ ಪೌಂಡಿನ ದರ 80 ಎಂದು ಗೊತ್ತುಮಾಡಿಕೊಂಡೆ; ಆ ಕೆಟ್ಟ ಕಾಲದಲ್ಲಿ ನಾನು ಕಂಡ ತಳ ಅದು. 440ಕ್ಕೆ 35,200 ಬರುತ್ತದೆ. ಪಿಂಚಣಿ ಬೀಳುವ ಖಾತೆ ಬೇರೆ, ಮನೆಖರ್ಚಿನ ಖಾತೆ ಬೇರೆ ಮಾಡಿದೆ. ಪ್ರತಿ ತಿಂಗಳು 5ನೇ ತಾರೀಕು ಒಂದರಿಂದ ಇನ್ನೊಂದಕ್ಕೆ 35,000 ತಾನಾಗಿ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟೆ. ಕಂತು, ಕರೆಂಟು, ಔಷಧಿ, ದಿನಸಿ ಎಲ್ಲ ಅದರಲ್ಲೇ. ಹದಿಮೂರನೆಯ ಸಂದಾಯಕ್ಕೆ ಕೈ ಹಚ್ಚುವುದಿಲ್ಲ. ವಿಮೆ, ಮನೆ ಕಂದಾಯ, ದಸರೆಗೆ ಮೊಮ್ಮಕ್ಕಳು ಬಂದಾಗಿನ ಖರ್ಚು ಅದರಿಂದ.

ದರ 90 ಇದ್ದಾಗ ಪ್ರತಿ ಸಂದಾಯಕ್ಕೆ 4,400 ಹೆಚ್ಚಿಗೆ ಬರುತ್ತದೆ. ಅದು ಪಿಂಚಣಿ ಖಾತೆಯಲ್ಲೇ ಬಿದ್ದಿರಲಿ ಎಂದು ಬಿಟ್ಟೆ. ಹಾಗೆಂದು ಸಾಯುವವರೆಗೆ 80ರಲ್ಲೇ ಬದುಕಲಾಗದು, ಬೆಲೆ ಏರುತ್ತದೆ. ಅದಕ್ಕೊಂದು ಕಟ್ಟಳೆ ಮಾಡಿಕೊಂಡೆ. ಲೆಕ್ಕದ ದರವನ್ನು 80ರಿಂದ 85ಕ್ಕೆ ಏರಿಸಬೇಕಾದರೆ, ದರ ಮತ್ತೆ 80ಕ್ಕೆ ಬಿದ್ದು ಒಂದು ವರ್ಷ ಅಲ್ಲೇ ಮಲಗಿದರೂ ತುಂಬಿಕೊಡುವಷ್ಟು ಹಣ ಆ ಖಾತೆಯಲ್ಲಿರಬೇಕು. ಐದು ರೂಪಾಯಿ, 440 ಪೌಂಡ್, ಹದಿಮೂರು ಸಂದಾಯ: ಗುಣಿಸಿದರೆ 28,600. ಅಷ್ಟು ಸೇರಿದ ಮೇಲೆ ಏರಿಸಿದೆ. 90ಕ್ಕೆ ಏರಿಸಲು ಅದರ ಎರಡರಷ್ಟು, 57,200. ಒಂದು ವರ್ಷವೇ ಯಾಕೆ ಅಂದರೆ 2016ರ ಕುಸಿತ ಬೇಗ ಎದ್ದೇಳಲಿಲ್ಲ. ಎರಡು ಮೂರು ತಿಂಗಳ ಗಂಟು ಇಟ್ಟುಕೊಂಡಿದ್ದವನು ನನ್ನ ಹಾಗೇ ಅಡವು ಅಂಗಡಿಗೆ ಹೋಗುತ್ತಿದ್ದ.

2022ರ ಸೆಪ್ಟೆಂಬರಿನಲ್ಲಿ ಲಿಜ್ ಟ್ರಸ್ ಸರ್ಕಾರದ ‘ಮಿನಿ ಬಜೆಟ್’ ಬಂದು ಪೌಂಡ್ ಕೆಲವೇ ದಿನಗಳಲ್ಲಿ 87ರ ಆಸುಪಾಸಿಗೆ ಜಾರಿತು. ನಮ್ಮ ಲೆಕ್ಕದ ದರ ಆಗ 90. ಕೊರತೆ 1,320 ರೂಪಾಯಿ. ಆದರೂ ಖಾತೆಯಿಂದ ಖಾತೆಗೆ ಹೋದದ್ದು ಎಂದಿನ ಮೊತ್ತವೇ. ಹೆಂಡತಿಗೆ ಗೊತ್ತಾದದ್ದು ನಾನು ಹೇಳಿದ ಮೇಲೆ.

ಈಗ ಪಾಸ್‌ಬುಕ್ಕಿನ ಪ್ರತಿ ಸಂದಾಯದ ಪಕ್ಕ ಪೆನ್ಸಿಲಿನಲ್ಲಿ ಒಂದು ಅಂಕಿ ಬರೆಯುತ್ತೇನೆ: ಬಂದ ರೂಪಾಯಿಯನ್ನು ಪೌಂಡಿನಿಂದ ಭಾಗಿಸಿದರೆ ನನಗೆ ನಿಜಕ್ಕೂ ಸಿಕ್ಕ ದರ. ಅದು ಪತ್ರಿಕೆಯ ದರಕ್ಕಿಂತ ಯಾವಾಗಲೂ ಸ್ವಲ್ಪ ಕೆಳಗೇ ಇರುತ್ತದೆ. ಪರಿವರ್ತಿಸುವವರು ತಮ್ಮ ಪಾಲು ಹಿಡಿದುಕೊಂಡಿರುತ್ತಾರೆ. ಬಜೆಟ್ ಬರೆಯಬೇಕಾದದ್ದು ಈ ಪೆನ್ಸಿಲ್ ಅಂಕಿಯಿಂದ. ಅಂತರ ಇದ್ದಕ್ಕಿದ್ದಂತೆ ಹೆಚ್ಚಿದರೆ ಕೇಳಲು ಹೋಗುತ್ತೇನೆ.

ಇಷ್ಟೆಲ್ಲ ಮಾಡಿದ್ದು ಏರಿಳಿತಕ್ಕೆ. ಇಳಿಜಾರಿಗೆ ಇದು ಮದ್ದಲ್ಲ. 2015ರಲ್ಲಿ ನೂರಿದ್ದ ಪೌಂಡ್ ಹತ್ತು ವರ್ಷಕ್ಕೆ 115ರ ಸುತ್ತ ಬಂತು. ಅಷ್ಟರಲ್ಲಿ ದೇಶದ ಬೆಲೆಗಳು ಅರ್ಧಕ್ಕಿಂತ ಹೆಚ್ಚು ಏರಿದವು. ಪೌಂಡ್ ಮೊತ್ತ ಹೆಪ್ಪುಗಟ್ಟಿರುವವನಿಗೆ ದರ ಏರಿದರೂ ತಟ್ಟೆ ಚಿಕ್ಕದಾಗುತ್ತಲೇ ಇರುತ್ತದೆ. ಹಾಗಾಗಿ ಗಂಟು 57,000 ದಾಟಿದ ಮೇಲೆ ಉಳಿದದ್ದನ್ನು ಮೇಲಿನ ಕೋಣೆಗಳನ್ನು ಮುಗಿಸಲು ಹಾಕಿದೆ. ಅಲ್ಲೀಗ ಒಬ್ಬ ಮೇಷ್ಟ್ರ ಸಂಸಾರ ಇದೆ. ಕರಾರು ಪತ್ರದಲ್ಲಿ ವರ್ಷಕ್ಕೆ ಐದು ಶೇಕಡಾ ಬಾಡಿಗೆ ಏರಿಕೆ ಎಂದು ಬರೆಸಿದ್ದೇನೆ.