ಮಕ್ಕಳಿಗೆ ಕೊಡುವ ಮಾತು

ಮಂಜೇಶ್ವರ ತಾಲೂಕಿನ ಒಂದು ಗ್ರಾಮದಲ್ಲಿ ಇಬ್ಬರು ಎರಡನೆಯ ಮದುವೆಗೆ ಸಿದ್ಧರಾದರು. ಆಕೆ ಗಂಡನನ್ನು ಕಳೆದುಕೊಂಡವಳು. ಆಕೆಗೆ ಏಳನೆಯ ತರಗತಿಯಲ್ಲಿ ಓದುವ ಮಗಳಿದ್ದಾಳೆ. ಆತ ವಿಚ್ಛೇದಿತ, ಮೂರನೆಯ ತರಗತಿಯ ಮಗ ಅವನೊಡನೆ ಇದ್ದಾನೆ. ಹುಡುಗನ ತಾಯಿ ಮಂಗಳೂರಿನಲ್ಲಿದ್ದಾಳೆ. ನ್ಯಾಯಾಲಯದ ಆದೇಶದಂತೆ ಆತ ತಿಂಗಳಿಗೆ ಎರಡು ಶನಿವಾರ ತಾಯಿಯ ಬಳಿಗೆ ಹೋಗಿಬರುತ್ತಾನೆ. ಮಕ್ಕಳಿಬ್ಬರೂ ಒಂದೇ ಕನ್ನಡ ಶಾಲೆಯವರು.

ಮದುವೆಯನ್ನು 1954ರ ವಿಶೇಷ ವಿವಾಹ ಕಾಯ್ದೆಯಂತೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನಡೆಸುವುದೆಂದು ನಿಶ್ಚಯವಾಯಿತು. ಈ ಕಾಯ್ದೆಯಲ್ಲಿ ಮೊದಲು ಮದುವೆಯ ನೋಟಿಸು ಕೊಟ್ಟು, ಅದು ಪ್ರಕಟವಾದ ಮೇಲೆ 30 ದಿನ ಕಾಯಬೇಕು. ಆಕೆ ಮೊದಲ ಗಂಡನ ಮರಣಪತ್ರವನ್ನೂ ಆತ ವಿಚ್ಛೇದನ ತೀರ್ಪಿನ ದೃಢೀಕೃತ ಪ್ರತಿಯನ್ನೂ ಒದಗಿಸಿದರು. ಮದುವೆಯ ವಿಧಿ ಹೇಗಿರಬೇಕೆಂಬುದನ್ನು ಕಾನೂನು ವಧೂವರರಿಗೇ ಬಿಟ್ಟಿದೆ. ಆದರೆ ಅಧಿಕಾರಿಯ ಮತ್ತು ಮೂವರು ಸಾಕ್ಷಿಗಳ ಎದುರಿನಲ್ಲಿ, ಒಬ್ಬರು ಇನ್ನೊಬ್ಬರನ್ನು ಹೆಸರು ಹಿಡಿದು, ಕಾನೂನುಬದ್ಧ ಪತ್ನಿಯಾಗಿ ಅಥವಾ ಪತಿಯಾಗಿ ಸ್ವೀಕರಿಸುತ್ತೇನೆಂದು ಹೇಳದ ಹೊರತು ಮದುವೆ ಪೂರ್ಣವಾಗುವುದಿಲ್ಲ. ಅದನ್ನು ಇಬ್ಬರಿಗೂ ತಿಳಿಯುವ ಯಾವ ಭಾಷೆಯಲ್ಲಾದರೂ ಹೇಳಬಹುದೆಂದು 12ನೆಯ ಸೆಕ್ಷನ್ನು ಸ್ಪಷ್ಟಪಡಿಸುತ್ತದೆ. ಹಾಗಾಗಿ ಕಾಸರಗೋಡಿನ ಕಚೇರಿಯಲ್ಲಿಯೂ ಅದು ಕನ್ನಡದಲ್ಲಿ ನಡೆಯಬಲ್ಲದು.

ಆ ಒಂದು ವಾಕ್ಯದಲ್ಲಿ ಮಕ್ಕಳಿಲ್ಲ. ಅವರಿಗೂ ಒಂದು ಮಾತು ಕೊಡಬೇಕು, ಅದನ್ನು ಕಚೇರಿಯಿಂದ ಮರಳಿದ ಮೇಲೆ ಮನೆಯ ಚಾವಡಿಯಲ್ಲಿ ನೆಂಟರೆದುರು ಓದಬೇಕು ಎಂದು ಇಬ್ಬರೂ ಬಯಸಿದರು. ನೋಟಿಸಿನ 30 ದಿನ ಆ ಬರವಣಿಗೆಗೆ ಒದಗಿತು.

ವರನು ಹುಡುಗಿಗಾಗಿ ಬರೆದ ಮೊದಲ ಕರಡು ಹೀಗಿತ್ತು: ‘ಇಂದಿನಿಂದ ನೀನು ನನ್ನ ಸ್ವಂತ ಮಗಳು. ನಾನು ನಿನ್ನ ತಂದೆಯಾಗುವೆ. ತಂದೆಯಿಲ್ಲದ ಕೊರತೆ ನಿನಗೆ ತಿಳಿಯದಂತೆ ನೋಡಿಕೊಳ್ಳುವೆ.’ ಬರೆದವನ ಮನಸ್ಸು ಒಳ್ಳೆಯದೇ. ಆದರೆ ಮದುವೆಗೆ ಎರಡು ವಾರವಿರುವಾಗ ಅದನ್ನು ಓದಿ ಹೇಳಿದಾಗ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: ‘ಹಾಗಾದರೆ ನನ್ನ ಅಪ್ಪ ಯಾರು?’

ಈ ಪ್ರಶ್ನೆಗೆ ಕಾನೂನಿನ ಉತ್ತರವೂ ಹುಡುಗಿಯ ಪರವಾಗಿಯೇ ಇದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೆಯ ಸೆಕ್ಷನ್ನಿನ ವಿವರಣೆಯಂತೆ, ಸಹಜ ಪಾಲಕರನ್ನು ಹೇಳುವಾಗ ‘ತಂದೆ’ ಎಂಬ ಪದದಲ್ಲಿ ಮಲತಂದೆಯೂ ‘ತಾಯಿ’ ಎಂಬ ಪದದಲ್ಲಿ ಮಲತಾಯಿಯೂ ಸೇರುವುದಿಲ್ಲ. ತಾಯಿಯ ಮರುಮದುವೆಯಿಂದ ತೀರಿಹೋದ ತಂದೆಯ ಆಸ್ತಿಯಲ್ಲಿ ಮಗಳಿಗಿರುವ ಪಾಲು ಕರಗುವುದಿಲ್ಲ. ಮಲತಂದೆಯ ಆಸ್ತಿಯಲ್ಲಿ, ದತ್ತು ನಡೆಯದ ಹೊರತು, ಮಗಳೆಂಬ ನೆಲೆಯಲ್ಲಿ ಹೊಸ ಪಾಲು ಹುಟ್ಟುವುದೂ ಇಲ್ಲ. ಹೀಗಿರುವಾಗ ‘ಸ್ವಂತ ಮಗಳು’ ಎಂಬ ಮಾತು ಕೊಟ್ಟವನಿಗೂ ನಡೆಸಲಾಗದ ಮಾತಾಗುತ್ತದೆ.

ವಧುವಿನ ಕರಡಿನಲ್ಲಿದ್ದ ದೋಷ ಬೇರೆಯದು. ‘ತಾಯಿಯ ಪ್ರೀತಿಯನ್ನು ನಿನಗೆ ಮರಳಿ ಕೊಡುವೆ’ ಎಂದು ಆಕೆ ಹುಡುಗನಿಗೆ ಬರೆದಿದ್ದಳು. ಆದರೆ ಹುಡುಗನ ತಾಯಿ ಬದುಕಿದ್ದಾಳೆ. ಅವಳ ಪ್ರೀತಿ ಅವನಿಗೆ ತಪ್ಪಿಲ್ಲ. ನೆಂಟರ ಮುಂದೆ ಆ ವಾಕ್ಯವನ್ನು ಕೇಳಿದ ಹುಡುಗ ಮುಂದಿನ ಶನಿವಾರ ತಾಯಿಯ ಮುಖ ನೋಡುವಾಗ ತಾನೇನೋ ತಪ್ಪು ಮಾಡಿದವನಂತೆ ಕುಗ್ಗಬೇಕಾಗುತ್ತದೆ. ತೀರಿಹೋದ ತಂದೆಯ ಮಗಳಿಗೂ ಬೇರೆ ಮನೆಯಲ್ಲಿ ತಾಯಿಯಿರುವ ಮಗನಿಗೂ ಒಂದೇ ಮಾತು ಹೊಂದುವುದಿಲ್ಲವಾದ್ದರಿಂದ ಇಬ್ಬರಿಗೂ ಬೇರೆ ಬೇರೆಯಾಗಿಯೇ ಬರೆಯಬೇಕಾಯಿತು.

ಎರಡು ಕರಡುಗಳಿಗೂ ಸಮಾನವಾದ ಲಕ್ಷಣವೊಂದಿತ್ತು. ವಾಕ್ಯಗಳೆಲ್ಲ ‘ಆಗುವೆ’, ‘ನೀಗಿಸುವೆ’, ‘ಮರಳಿ ಕೊಡುವೆ’ ಎಂಬ ಕ್ರಿಯಾಪದಗಳಲ್ಲಿ ಮುಗಿಯುತ್ತಿದ್ದವು. ತಂದೆಯಾಗುವುದು, ತಾಯಿಯಾಗುವುದು ಹೇಳುವವನ ಕೈಯಲ್ಲಿಲ್ಲ. ಮಗು ಒಪ್ಪಿದ ಮೇಲೆ, ಒಪ್ಪಿದರೆ, ಆಗುವಂಥದ್ದು. ‘ಇನ್ನು ನಾವೆಲ್ಲ ಒಂದೇ ಕುಟುಂಬ’ ಎಂಬ ಸಾಲಿನ ‘ನಾವು’ ಕೂಡ ಮಗುವಿನ ಪರವಾಗಿ ಹಿರಿಯರು ಆಡಿದ ಮಾತೇ. ಆದ್ದರಿಂದ ಇಬ್ಬರೂ ಒಂದು ಒರೆಗಲ್ಲನ್ನು ಇಟ್ಟುಕೊಂಡರು: ವರ್ಷ ಕಳೆದ ಮೇಲೆ ಈ ಮಾತು ನಡೆಯಿತೋ ಇಲ್ಲವೋ ಎಂದು ಮಗುವೇ ಹೇಳಬಲ್ಲುದಾದರೆ ಆ ವಾಕ್ಯ ಉಳಿಯಬೇಕು; ಇಲ್ಲವಾದರೆ ಅಳಿಸಬೇಕು. ಒಬ್ಬೊಬ್ಬರಿಗೆ ಮೂರೋ ನಾಲ್ಕೋ ವಾಕ್ಯ ಸಾಕು. ಇಷ್ಟವಿಲ್ಲದ ಸಾಲನ್ನು ಹೊಡೆದುಹಾಕುವ ಹಕ್ಕು ಮಕ್ಕಳಿಗಿರಬೇಕು.

ಹುಡುಗಿಗೆ ಉಳಿದ ಮಾತುಗಳು ಇವು: ‘ನಿನ್ನ ಅಪ್ಪನ ಪಟ ಚಾವಡಿಯಲ್ಲಿ ಈಗಿರುವ ಜಾಗದಲ್ಲಿಯೇ ಇರುತ್ತದೆ. ನೀನು ಅವರ ಮಾತೆತ್ತಿದಾಗ ನಾನು ಮಾತು ಬದಲಿಸುವುದಿಲ್ಲ. ನಿನ್ನ ಓದಿಗೆ ನಾನು ಕೊಡುವ ಹಣದ ಲೆಕ್ಕವನ್ನು ನಿನ್ನ ಮುಂದೆ ಎಂದೂ ಆಡುವುದಿಲ್ಲ. ನನ್ನನ್ನು ಏನೆಂದು ಕರೆಯಬೇಕೆಂಬುದು ನಿನಗೆ ಬಿಟ್ಟದ್ದು.’

ಹುಡುಗನಿಗೆ ಬರೆದದ್ದು: ‘ಅಮ್ಮನ ಬಳಿ ಹೋಗುವ ಶನಿವಾರಕ್ಕೆ ನಿನ್ನ ಚೀಲ ಶುಕ್ರವಾರ ರಾತ್ರಿಯೇ ಸಿದ್ಧವಾಗಿರುತ್ತದೆ. ನೀನು ಮರಳಿ ಬಂದಾಗ ಅಲ್ಲಿ ಏನಾಯಿತೆಂದು ಕೇಳುವುದಿಲ್ಲ. ನೀನಾಗಿ ಹೇಳಿದರೆ ಕೂತು ಕೇಳುತ್ತೇನೆ. ನೀನು ತಪ್ಪು ಮಾಡಿದರೆ ನಿನ್ನ ಅಪ್ಪನೊಡನೆ ಮಾತಾಡುವ ಮೊದಲು ನಾನು ನಿನ್ನನ್ನು ಶಿಕ್ಷಿಸುವುದಿಲ್ಲ.’ ಹುಡುಗ ಇದರಲ್ಲಿ ಒಂದು ತಿದ್ದುಪಡಿ ಕೇಳಿದ: ಅಲ್ಲಿ ಊಟ ಮಾಡಿದೆಯಾ ಎಂದು ಕೇಳಬಹುದಂತೆ. ಅದೊಂದು ಪ್ರಶ್ನೆಗೆ ವಾಕ್ಯದಲ್ಲಿ ಜಾಗ ಮಾಡಲಾಯಿತು.

ಮಕ್ಕಳೂ ಎದ್ದು ನಿಂತು ಉತ್ತರವಾಗಿ ಏನಾದರೂ ಹೇಳಲಿ ಎಂದು ಹಿರಿಯರೊಬ್ಬರು ಸೂಚಿಸಿದ್ದರು. ವಧೂವರರು ಒಪ್ಪಲಿಲ್ಲ. ಮದುವೆಗೆ ಸಮ್ಮತಿ ಕೊಟ್ಟವರು ತಾವಿಬ್ಬರು; ಐವತ್ತು ಜನರ ಮುಂದೆ ಮಗುವಿನಿಂದ ಹೇಳಿಸಿದ ‘ಹೂಂ’ ಸಮ್ಮತಿಯಲ್ಲ ಎಂಬುದು ಅವರ ನಿಲುವು. ಓದುವಾಗ ಮಕ್ಕಳು ತಮ್ಮ ಅಜ್ಜಿಯರ ಬಳಿ ಕುಳಿತಿದ್ದರೆ ಸಾಕೆಂದು ನಿರ್ಧಾರವಾಯಿತು.

ಪ್ರತಿಜ್ಞೆಯಿಂದ ಆಗದ ಕೆಲಸವೊಂದು ಇನ್ನೂ ಉಳಿದಿತ್ತು. ತನ್ನ ಸ್ವಯಾರ್ಜಿತ ಜಾಗದಲ್ಲಿ ಹುಡುಗಿಗೂ ಪಾಲಿರಬೇಕೆಂದು ವರನಿಗೆ ಮನಸ್ಸಿತ್ತು. ಚಾವಡಿಯಲ್ಲಿ ಆಡಿದ ಮಾತು, ಎಷ್ಟು ಜನ ಕೇಳಿದ್ದರೂ, ಆಸ್ತಿಯನ್ನು ದಾಟಿಸುವುದಿಲ್ಲ. ಅದಕ್ಕೆ ಮರಣಶಾಸನ ಬೇಕು. ಬರೆದವನ ಸಹಿಯೊಂದಿಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿಯೂ ಬೇಕು. ನೋಂದಣಿ ಕಡ್ಡಾಯವಲ್ಲವಾದರೂ ಮುಂದೆ ತಕರಾರು ಬಂದಾಗ ಅದು ನೆರವಾಗುತ್ತದೆ. ಇದಲ್ಲದೆ, ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾದ ಇಬ್ಬರೂ ಹಿಂದೂಗಳಾದರೆ ಉತ್ತರಾಧಿಕಾರಕ್ಕೆ ಹಿಂದೂ ಕಾನೂನೇ ಅನ್ವಯಿಸುವುದರಿಂದ, ಹುಡುಗನ ಪಾಲು ಮತ್ತು ಹೊಸ ಹೆಂಡತಿಯ ಪಾಲು ಎಷ್ಟೆಂಬುದನ್ನೂ ಅದೇ ಪತ್ರದಲ್ಲಿ ತಿಳಿಯಾಗಿ ಬರೆಯುವುದು ಒಳ್ಳೆಯದು.

ಮದುವೆ ಕಳೆದ ವಾರದಲ್ಲಿ ಆ ಪತ್ರಕ್ಕೆ ಸಹಿಯಾಯಿತು. ಹುಡುಗಿ ಮಲತಂದೆಯನ್ನು ಮೊದಲಿನ ಹಾಗೆ ‘ಮಾವ’ ಎಂದೇ ಕರೆಯುತ್ತಿದ್ದಾಳೆ. ಹುಡುಗ ಇನ್ನೂ ಯಾವ ಹೆಸರನ್ನೂ ಆರಿಸಿಲ್ಲ. ಶುಕ್ರವಾರ ರಾತ್ರಿ ಚೀಲವನ್ನು ಮಾತ್ರ ತಪ್ಪದೆ ತೆರೆದು ನೋಡುತ್ತಾನೆ.